ತಲೆಬರಹ ಇಲ್ಲದ ಪ್ರಶ್ನೆಗೆ ತಯಾರಾಗುವುದು ಹೇಗೆ

(ವಿಜಯಪುರದಲ್ಲಿ ಹೌಸ್‌ಸರ್ಜನ್‌ಗಳು ಮತ್ತು ಅಂತಿಮ ವರ್ಷದ ಎಂಬಿಬಿಎಸ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಬೋರ್ಡ್ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ವಾಕ್ಯಗಳಲ್ಲಿ ಕೊಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಡ್ಯೂಟಿ ಮುಗಿಸಿ ನೇರವಾಗಿ ಬಂದವರೂ ಇದ್ದೀರಿ ಅಂತ ಕಾಣುತ್ತದೆ, ಹಾಗಾಗಿ ತಡಮಾಡದೆ ಶುರು ಮಾಡುತ್ತೇನೆ.

ನಮ್ಮ ಮನೆಯ ಒಗ್ಗರಣೆ ಡಬ್ಬಿಯಲ್ಲಿ ಏಳು ಬಟ್ಟಲುಗಳಿವೆ. ನನ್ನ ಮಗಳು ಚಿಕ್ಕವಳಿದ್ದಾಗ ಜೀರಿಗೆ ಕೊಡು ಅಂದರೆ ತಕ್ಷಣ ಕೊಡುತ್ತಿದ್ದಳು. ಒಂದು ದಿನ ಜೀರಿಗೆ ಮುಗಿದಿತ್ತು. ಅಂಗಡಿಯಿಂದ ತಂದ ಪೊಟ್ಟಣಗಳು ಕಟ್ಟೆಯ ಮೇಲೆ ಇದ್ದವು. ಜೀರಿಗೆ ಕೊಡವ್ವಾ ಅಂದೆ. ಬಡೇಸೋಪು ತಂದು ಕೊಟ್ಟಳು. ಆಗ ನನಗೆ ಗೊತ್ತಾಯಿತು, ಅವಳಿಗೆ ಗೊತ್ತಿದ್ದದ್ದು ಜೀರಿಗೆ ಅಲ್ಲ, ಜೀರಿಗೆಯ ಬಟ್ಟಲು. ಎರಡೂ ಕಾಳನ್ನು ಒಂದೇ ಅಂಗೈಯಲ್ಲಿ ಇಟ್ಟು, ಇದು ಸಣ್ಣದು, ಕಂದು ಬಣ್ಣ, ಇದು ದಪ್ಪ, ಹಸಿರು, ಮೂಸಿ ನೋಡು ಅಂತ ತೋರಿಸಿದ ಮೇಲೆ ಮತ್ತೆ ತಪ್ಪಲಿಲ್ಲ.

ನಾವು ಓದುವ ಪುಸ್ತಕದ ಅಧ್ಯಾಯಗಳೂ ಹೀಗೇ ಬಟ್ಟಲುಗಳು. 'ಕಬ್ಬಿಣದ ಕೊರತೆಯ ರಕ್ತಹೀನತೆ' ಅನ್ನುವ ಅಧ್ಯಾಯ ಓದಿ, ಅದರ ಕೊನೆಯಲ್ಲಿರುವ ಇಪ್ಪತ್ತು ಎಮ್‌ಸಿಕ್ಯೂ ಬಿಡಿಸಿದರೆ ಹದಿನೆಂಟು ಸರಿ ಬರುತ್ತವೆ. ಬರಲೇಬೇಕು, ಅಲ್ವಾ? ಉತ್ತರ ಯಾವ ಬಟ್ಟಲಿನಲ್ಲಿದೆ ಅಂತ ಅಧ್ಯಾಯದ ಹೆಸರೇ ಹೇಳಿಬಿಟ್ಟಿದೆ. ಇದು ಯಾವ ಕಾಯಿಲೆ ಅಂತ ಗುರುತಿಸುವ ಅರ್ಧ ಕೆಲಸವನ್ನು ನೀವು ಮಾಡಿಯೇ ಇಲ್ಲ.

ಈಗ ನೀಟ್ ಪಿಜಿಯನ್ನು ನೋಡಿ. 200 ಪ್ರಶ್ನೆ, ಮೂರೂವರೆ ಗಂಟೆ. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. 2024ರಿಂದ ಪತ್ರಿಕೆಯನ್ನು ಐದು ಭಾಗ ಮಾಡಿದ್ದಾರೆ. ಒಂದೊಂದರಲ್ಲಿ 40 ಪ್ರಶ್ನೆ, 42 ನಿಮಿಷ. ಆ ಸಮಯ ಮುಗಿದರೆ ಹಿಂದಿನ ಭಾಗಕ್ಕೆ ಮರಳುವಂತಿಲ್ಲ. ಲೆಕ್ಕ ಹಾಕಿದರೆ ಒಂದು ಪ್ರಶ್ನೆಗೆ 63 ಸೆಕೆಂಡ್. ಆ 40ರೊಳಗೆ ಸಬ್ಜೆಕ್ಟ್‌ಗಳು ಬೆರೆತಿರುತ್ತವೆ. ಪ್ರಶ್ನೆಯ ಮೇಲೆ ಪೆಥಾಲಜಿ ಅಂತಲೋ ಪೀಡಿಯಾಟ್ರಿಕ್ಸ್ ಅಂತಲೋ ಬರೆದಿರುವುದಿಲ್ಲ. ಸುಸ್ತು, ಬಿಳಿಚಿದ ಮುಖ, ಸಣ್ಣ ಕೆಂಪು ಕಣ, ನಾಲ್ಕು ಆಯ್ಕೆ, ಅಷ್ಟೇ. ಬಟ್ಟಲು ಇಲ್ಲ, ಕಾಳು ಮಾತ್ರ ಇದೆ.

ನಾನು ಪಿಜಿ ಪ್ರವೇಶಕ್ಕೆ ಓದುವಾಗ ಎಲ್ಲರೂ ಮಾಡುವುದನ್ನೇ ಮಾಡಿದೆ. 19 ಸಬ್ಜೆಕ್ಟ್, ಒಂದಾದ ಮೇಲೆ ಒಂದು. ಅನಾಟಮಿ ಪೂರ್ತಿ ಮುಗಿಸಿ ಫಿಸಿಯಾಲಜಿ, ಅದು ಮುಗಿದ ಮೇಲೆ ಬಯೋಕೆಮಿಸ್ಟ್ರಿ. ಪ್ರತಿ ಸಬ್ಜೆಕ್ಟ್ ಮುಗಿದಾಗ ಅದರ ಟೆಸ್ಟ್ ಬರೆಯುತ್ತಿದ್ದೆ, ಅಂಕ ಚೆನ್ನಾಗಿಯೇ ಬರುತ್ತಿತ್ತು. ಕೊನೆಗೆ ಎಲ್ಲ ಬೆರೆತ ಪೂರ್ಣ ಟೆಸ್ಟ್‌ಗೆ ಕೂತಾಗ ಗಾಬರಿಯಾಯಿತು. ಮರೆತಿದ್ದೆ ಅನ್ನುವುದು ಪೂರ್ತಿ ನಿಜವಲ್ಲ. ವಿವರಣೆ ಓದಿದರೆ, ಅಯ್ಯೋ, ಇದು ನನಗೆ ಗೊತ್ತಿತ್ತಲ್ಲ ಅನಿಸುತ್ತಿತ್ತು. ಗೊತ್ತಿದ್ದದ್ದನ್ನು ಯಾವಾಗ ಹೊರಗೆ ತೆಗೆಯಬೇಕು ಅನ್ನುವುದು ಗೊತ್ತಿರಲಿಲ್ಲ. ಆ ವರ್ಷ ಬೇಕಾದ ಸೀಟು ಸಿಗಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಕಷ್ಟಪಡುವುದರಲ್ಲಿ ನಾನು ಕಡಿಮೆ ಮಾಡಿರಲಿಲ್ಲ. ಪ್ರತಿದಿನ ಓದುತ್ತಿದ್ದೆ. ಆದರೆ ಪರೀಕ್ಷೆ ಕೇಳುವ ಕೆಲಸ ಒಂದು, ನಾನು ರೂಢಿ ಮಾಡಿಕೊಂಡ ಕೆಲಸ ಇನ್ನೊಂದು ಆಗಿತ್ತು.

ಇದರ ಬಗ್ಗೆ ನಡೆದಿರುವ ಅಧ್ಯಯನಗಳಲ್ಲಿ ನನಗೆ ತುಂಬಾ ಸ್ಪಷ್ಟವಾಗಿ ಕಂಡದ್ದು 2007ರಲ್ಲಿ ರೋರರ್ ಮತ್ತು ಟೇಲರ್ ಅಮೆರಿಕದಲ್ಲಿ ಮಾಡಿದ್ದು. ವೈದ್ಯಕೀಯ ಅಲ್ಲ, ಗಣಿತ. ಕಾಲೇಜು ವಿದ್ಯಾರ್ಥಿಗಳಿಗೆ ನಾಲ್ಕು ಅಪರೂಪದ ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಸೂತ್ರ ಕಲಿಸಿದರು. ಒಂದು ಗುಂಪು ಒಂದು ಆಕೃತಿಯ ಲೆಕ್ಕಗಳನ್ನೆಲ್ಲ ಮುಗಿಸಿ ಇನ್ನೊಂದಕ್ಕೆ ಹೋಯಿತು. ಇನ್ನೊಂದು ಗುಂಪಿಗೆ ಅವೇ ಲೆಕ್ಕಗಳನ್ನು ಬೆರೆಸಿ ಕೊಟ್ಟರು. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪಿಗೆ ಶೇಕಡಾ 89 ಸರಿ ಬಂತು, ಬೆರೆಸಿದವರಿಗೆ ಬರೀ 60. ಒಂದು ವಾರ ಬಿಟ್ಟು ಪರೀಕ್ಷೆ ಮಾಡಿದರು. ಆಗ ಮೊದಲ ಗುಂಪಿಗೆ 20, ಬೆರೆಸಿದವರಿಗೆ 63.

ಈ ನಾಲ್ಕು ಸಂಖ್ಯೆಗಳನ್ನು ಸ್ವಲ್ಪ ಹೊತ್ತು ನೋಡಿ. ಬೆರೆಸಿದವರು ಅಭ್ಯಾಸದಲ್ಲಿ 60, ವಾರದ ನಂತರವೂ ಹೆಚ್ಚುಕಮ್ಮಿ ಅಷ್ಟೇ. ಮೊದಲ ಗುಂಪಿನ 89 ಮಾತ್ರ ಕುಸಿದುಹೋಯಿತು. ಆ 89ರಲ್ಲಿ ಬಹುಪಾಲು ಬಟ್ಟಲಿನ ಅಂಕ. ಈಗ ಯಾವ ಸೂತ್ರ ಹಾಕಬೇಕು ಅಂತ ಅವರು ಒಮ್ಮೆಯೂ ಆರಿಸಿರಲಿಲ್ಲ. ಹಿಂದಿನ ಲೆಕ್ಕಕ್ಕೆ ಹಾಕಿದ್ದನ್ನೇ ಮುಂದಿನದಕ್ಕೂ ಹಾಕುತ್ತಾ ಹೋಗಿದ್ದರು.

ಇನ್ನೊಂದು ತೊಂದರೆ ಇದೆ, ಅದು ನಮ್ಮ ಮನಸ್ಸಿನದ್ದು. 2008ರಲ್ಲಿ ಕಾರ್ನೆಲ್ ಮತ್ತು ಬ್ಯೋರ್ಕ್ ಅನ್ನುವವರು 12 ಚಿತ್ರಕಾರರ ಚಿತ್ರಗಳನ್ನು ತೋರಿಸಿ, ಹೊಸ ಚಿತ್ರ ಕೊಟ್ಟಾಗ ಇದು ಯಾರ ಶೈಲಿ ಅಂತ ಗುರುತಿಸಲು ಹೇಳಿದರು. ಚಿತ್ರಗಳನ್ನು ಬೆರೆಸಿ ನೋಡಿದಾಗ ಗುರುತಿಸುವಿಕೆ ಚೆನ್ನಾಗಿತ್ತು. ಆದರೆ ಪರೀಕ್ಷೆ ಮುಗಿದ ಮೇಲೆ ಕೇಳಿದರೆ, ಒಬ್ಬೊಬ್ಬರದ್ದನ್ನು ಒಟ್ಟಿಗೆ ನೋಡಿದಾಗಲೇ ನಾವು ಚೆನ್ನಾಗಿ ಕಲಿತೆವು ಅಂತ ಹೆಚ್ಚಿನವರು ಹೇಳಿದರು. ನೀವು ಬೆರೆಸಿ ಓದಲು ಶುರು ಮಾಡಿದ ಮೊದಲ ವಾರ ಹೀಗೇ ಅನಿಸುತ್ತದೆ. ಅಂಕ ಇಳಿಯುತ್ತದೆ, ತಲೆ ಭಾರವಾಗುತ್ತದೆ, ಇದು ನನಗೆ ಒಗ್ಗುವುದಿಲ್ಲ ಅನಿಸುತ್ತದೆ. ಬಹಳ ಜನ ಅಲ್ಲೇ ಬಿಟ್ಟುಬಿಡುತ್ತಾರೆ. ಅದಕ್ಕೇ ಇವತ್ತಿನ ಅಂಕವನ್ನು ಅಳತೆ ಮಾಡಿಕೊಳ್ಳಬೇಡಿ. ಹತ್ತು ದಿನ ಬಿಟ್ಟು, ತಲೆಬರಹ ಇಲ್ಲದ ಟೆಸ್ಟ್‌ನಲ್ಲಿ ಬಂದ ಅಂಕ ನೋಡಿ.

ನಮ್ಮ ವಿದ್ಯೆಯಲ್ಲೂ ಇದನ್ನು ನೋಡಿದ್ದಾರೆ. ಕೆನಡಾದಲ್ಲಿ ಹಟಾಲಾ, ಬ್ರೂಕ್ಸ್, ನಾರ್ಮನ್ ಸೇರಿ 2003ರಲ್ಲಿ ಪ್ರಕಟಿಸಿದ ಅಧ್ಯಯನ ಇಸಿಜಿ ಓದುವುದರ ಬಗ್ಗೆ. ಬೇರೆ ಬೇರೆ ಕಾಯಿಲೆಗಳ ಇಸಿಜಿಗಳನ್ನು ಬೆರೆಸಿ, ಹೋಲಿಸಿ ಅಭ್ಯಾಸ ಮಾಡಿದ ವೈದ್ಯಕೀಯ ವಿದ್ಯಾರ್ಥಿಗಳು, ಒಂದೊಂದು ಕಾಯಿಲೆಯದ್ದನ್ನು ಬೇರೆ ಬೇರೆಯಾಗಿ ಅಭ್ಯಾಸ ಮಾಡಿದವರಿಗಿಂತ ಹೊಸ ಇಸಿಜಿಗಳನ್ನು ಸರಿಯಾಗಿ ಗುರುತಿಸಿದರು.

ಇಷ್ಟು ಕೇಳಿದ ಕೂಡಲೇ ಕೆಲವರು ಒಂದು ತಪ್ಪು ಮಾಡುತ್ತಾರೆ. ನಮ್ಮ ಯೂನಿಟ್‌ನ ಒಬ್ಬ ಇಂಟರ್ನ್ ಹುಡುಗ ಇದನ್ನೇ ಮಾಡಿದ. ಬಾಗಲಕೋಟೆ ಕಡೆಯವನು, ಶ್ರದ್ಧೆ ಜಾಸ್ತಿ. ಅರ್ಧ ಗಂಟೆ ಅನಾಟಮಿ, ಅರ್ಧ ಗಂಟೆ ಫಾರ್ಮಕಾಲಜಿ, ಅರ್ಧ ಗಂಟೆ ಕಣ್ಣು, ಮತ್ತೆ ಅರ್ಧ ಗಂಟೆ ಸಮುದಾಯ ವೈದ್ಯಕೀಯ, ಹೀಗೆ ಮೊಬೈಲ್‌ನಲ್ಲಿ ಅಲಾರಾಂ ಇಟ್ಟುಕೊಂಡು ಓದಿದ. ಎರಡು ವಾರದ ನಂತರ ಬಂದ. 'ಸರ್, ಬೆರಿಸಿ ಓದಿದ್ರ ಏನೂ ತಲ್ಯಾಗ ಕುಂದ್ರವಲ್ದು ರೀ' ಅಂದ.

ಕುಂದ್ರುವುದಿಲ್ಲ ನಿಜ. ಅವನು ಮಾಡಿದ್ದು ಬರೀ ಸಬ್ಜೆಕ್ಟ್ ಬದಲಾವಣೆ. ಕೈಯ ನರಗಳನ್ನೂ ಲಸಿಕೆಯ ವೇಳಾಪಟ್ಟಿಯನ್ನೂ ಪರೀಕ್ಷೆಯಲ್ಲಿ ಯಾರೂ ಅದಲುಬದಲು ಮಾಡುವುದಿಲ್ಲ. ಜೀರಿಗೆಯ ಪಕ್ಕದಲ್ಲಿ ತೆಂಗಿನಕಾಯಿ ಇಟ್ಟರೆ ಏನು ಕಲಿತಂತಾಯಿತು? ಜೀರಿಗೆಯ ಪಕ್ಕ ಬಡೇಸೋಪು ಇಡಬೇಕು. ಒಂದಕ್ಕೊಂದು ಹೋಲುವ, ನಾವು ನಿಜವಾಗಿ ತಪ್ಪುವ ವಿಷಯಗಳನ್ನು ಪಕ್ಕಪಕ್ಕದಲ್ಲಿ ತರುವುದೇ ಬೆರೆಸುವುದರ ಜೀವ. ಹೀಗೆ ತಂದಾಗ ಎರಡರಲ್ಲೂ ಇರುವುದು ಹಿಂದೆ ಸರಿಯುತ್ತದೆ, ಎಲ್ಲಿ ಬೇರೆಯಾಗುತ್ತವೋ ಅದು ಕಣ್ಣಿಗೆ ಬೀಳುತ್ತದೆ.

ಆ ಹುಡುಗನ ಜೊತೆ ಕೂತು ಮಾಡಿದ್ದನ್ನೇ ಈಗ ನಿಮ್ಮ ಜೊತೆಗೂ ಮಾಡುತ್ತೇನೆ. ಕೆಂಪು ಕಣ ಸಣ್ಣದಾಗಿರುವ ರಕ್ತಹೀನತೆ ತೆಗೆದುಕೊಳ್ಳೋಣ. ಎಮ್‌ಸಿವಿ 80ಕ್ಕಿಂತ ಕಡಿಮೆ. ಪಾಠದಲ್ಲಿ ಇದಕ್ಕೆ ನಾಲ್ಕು ಬಟ್ಟಲುಗಳಿವೆ. ಕಬ್ಬಿಣದ ಕೊರತೆ, ಥಲಸೀಮಿಯಾ ಟ್ರೇಟ್, ದೀರ್ಘಕಾಲದ ಕಾಯಿಲೆಯ ರಕ್ತಹೀನತೆ, ಸಿಡೆರೋಬ್ಲಾಸ್ಟಿಕ್. ನಾನು ನಾಲ್ಕು ಚೀಟಿ ಬರೆದೆ, ಹೆಸರು ಬರೆಯಲಿಲ್ಲ.

ಮೊದಲ ಚೀಟಿ. 28 ವರ್ಷದ ಹೆಣ್ಣುಮಗಳು, ದ್ರಾಕ್ಷಿ ತೋಟದ ಕೆಲಸ, ಎರಡು ಹೆರಿಗೆ, ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದೆ. ಹಿಮೋಗ್ಲೋಬಿನ್ 8.2, ಎಮ್‌ಸಿವಿ 68, ಕೆಂಪು ಕಣಗಳ ಎಣಿಕೆ 3.9 ಮಿಲಿಯನ್, ಆರ್‌ಡಿಡಬ್ಲ್ಯೂ 19.

ಎರಡನೆಯದು. 22 ವರ್ಷದ ಹುಡುಗ, ಕೆಲಸಕ್ಕೆ ಸೇರುವ ಮೊದಲಿನ ತಪಾಸಣೆ, ಯಾವ ತೊಂದರೆಯೂ ಇಲ್ಲ. ಹಿಮೋಗ್ಲೋಬಿನ್ 11.4, ಎಮ್‌ಸಿವಿ 64, ಕೆಂಪು ಕಣ 5.9 ಮಿಲಿಯನ್, ಆರ್‌ಡಿಡಬ್ಲ್ಯೂ 14.

ಮೂರನೆಯದು. 55 ವರ್ಷದ ತಾಯಿ, ಎಂಟು ವರ್ಷದಿಂದ ರುಮಟಾಯ್ಡ್ ಸಂಧಿವಾತ. ಹಿಮೋಗ್ಲೋಬಿನ್ 9.6, ಎಮ್‌ಸಿವಿ 79, ಕೆಂಪು ಕಣ 3.8 ಮಿಲಿಯನ್. ಸೀರಮ್ ಕಬ್ಬಿಣ ಕಡಿಮೆ.

ನಾಲ್ಕನೆಯದು. 45 ವರ್ಷದ ಗಂಡಸು, ಕುಡಿತ ಇದೆ, ಊಟ ಸರಿಯಿಲ್ಲ, ನಾಲ್ಕು ತಿಂಗಳಿಂದ ಟಿಬಿ ಮಾತ್ರೆ. ಹಿಮೋಗ್ಲೋಬಿನ್ 8.8, ಎಮ್‌ಸಿವಿ 74. ಸೀರಮ್ ಕಬ್ಬಿಣ ಜಾಸ್ತಿ, ಫೆರಿಟಿನ್ ಜಾಸ್ತಿ.

ಅವನು ಮೊದಲು ಒಂದನೆಯ ಮತ್ತು ಎರಡನೆಯ ಚೀಟಿಯನ್ನು ಪಕ್ಕದಲ್ಲಿಟ್ಟ. ಎರಡರಲ್ಲೂ ಕಣ ಸಣ್ಣದು. ಆದರೆ ಮೊದಲನೆಯದರಲ್ಲಿ ಕಣಗಳ ಎಣಿಕೆಯೂ ಕಡಿಮೆ, ಎರಡನೆಯದರಲ್ಲಿ ಎಣಿಕೆ ಹೆಚ್ಚು. ಕಬ್ಬಿಣ ಇಲ್ಲದಿದ್ದರೆ ಮಜ್ಜೆ ಕಣ ಮಾಡುವುದೇ ಕಡಿಮೆ. ಟ್ರೇಟ್‌ನಲ್ಲಿ ಕಬ್ಬಿಣ ಇದೆ, ಗ್ಲೋಬಿನ್ ಸರಪಳಿ ಸಾಲದು, ಹಾಗಾಗಿ ಸಣ್ಣ ಸಣ್ಣ ಕಣಗಳು ಬೇಕಾದಷ್ಟು ಆಗುತ್ತವೆ. ಎಮ್‌ಸಿವಿಯನ್ನು ಎಣಿಕೆಯಿಂದ ಭಾಗಿಸಿದರೆ ಮೆಂಟ್ಜರ್ ಸೂಚ್ಯಂಕ. ಮೊದಲನೆಯದಕ್ಕೆ 68 ಭಾಗಿಸು 3.9, ಸುಮಾರು 17. ಎರಡನೆಯದಕ್ಕೆ 64 ಭಾಗಿಸು 5.9, ಸುಮಾರು 11. 13ಕ್ಕಿಂತ ಕಡಿಮೆ ಇದ್ದರೆ ಟ್ರೇಟ್ ಕಡೆಗೆ ವಾಲಬೇಕು. ಆರ್‌ಡಿಡಬ್ಲ್ಯೂ ಕೂಡ ಅದನ್ನೇ ಹೇಳುತ್ತಿದೆ. ಕಬ್ಬಿಣದ ಕೊರತೆಯಲ್ಲಿ ಕಣಗಳ ಗಾತ್ರ ಏರುಪೇರು, ಟ್ರೇಟ್‌ನಲ್ಲಿ ಸಾಮಾನ್ಯವಾಗಿ ಎಲ್ಲವೂ ಒಂದೇ ಸಮ ಸಣ್ಣವು. ಖಚಿತ ಮಾಡಲು ಹಿಮೋಗ್ಲೋಬಿನ್ ಎ2 ನೋಡಬೇಕು, ಬೀಟಾ ಟ್ರೇಟ್‌ನಲ್ಲಿ ಅದು ಶೇಕಡಾ 3.5ಕ್ಕಿಂತ ಜಾಸ್ತಿ.

ಅವನಿಗೆ ಖುಷಿಯಾಯಿತು. ಮೂರನೆಯ ಚೀಟಿಗೂ ಅದೇ ಭಾಗಾಕಾರ ಮಾಡಿದ. 79 ಭಾಗಿಸು 3.8, ಸುಮಾರು 21. ಸೀರಮ್ ಕಬ್ಬಿಣವೂ ಕಡಿಮೆ. 'ಕಬ್ಬಿಣದ ಕೊರತೆ ರೀ ಸರ್' ಅಂದ.

ನೋಡಿ, ಇಲ್ಲೇ ಇರುವುದು ವಿಷಯ. ಮೆಂಟ್ಜರ್ ಸೂಚ್ಯಂಕ ಎರಡು ಬಟ್ಟಲುಗಳ ನಡುವೆ ಮಾತ್ರ ಆರಿಸಲು ಇರುವ ಸಾಧನ. ಒಂದು ಮತ್ತು ಎರಡನ್ನಷ್ಟೇ ಜೋಡಿ ಮಾಡಿ ಓದಿದ್ದರೆ ಅದರ ಮಿತಿ ಅವನಿಗೆ ಕಾಣುತ್ತಲೇ ಇರಲಿಲ್ಲ. ಸೀರಮ್ ಕಬ್ಬಿಣ ಕಬ್ಬಿಣದ ಕೊರತೆಯಲ್ಲೂ ಕಡಿಮೆ, ದೀರ್ಘಕಾಲದ ಕಾಯಿಲೆಯಲ್ಲೂ ಕಡಿಮೆ. ಹಾಗಾದರೆ ಯಾವುದು ಬೇರೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಕೂತ. ಆಮೇಲೆ ಫಿಸಿಯಾಲಜಿಗೆ ಹೋದ, ಅದು ನನಗೆ ತುಂಬಾ ಇಷ್ಟವಾಯಿತು. ಉರಿಯೂತ ಇದ್ದಾಗ ಯಕೃತ್ತು ಹೆಪ್ಸಿಡಿನ್ ಹೆಚ್ಚು ಮಾಡುತ್ತದೆ. ಹೆಪ್ಸಿಡಿನ್ ಕಬ್ಬಿಣ ಹೊರಬರುವ ಬಾಗಿಲನ್ನು, ಅಂದರೆ ಫೆರೋಪೋರ್ಟಿನ್ ಅನ್ನು, ಮುಚ್ಚಿಸುತ್ತದೆ. ಕಬ್ಬಿಣ ಮ್ಯಾಕ್ರೋಫೇಜ್ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಮನೆಯ ಹಗೇವಿನಲ್ಲಿ ಜೋಳ ತುಂಬಿದೆ, ಆದರೆ ಬಾಯಿ ಮುಚ್ಚಿದೆ, ಅಡುಗೆಮನೆಗೆ ಬರುವುದಿಲ್ಲ. ಹಾಗಾಗಿ ರಕ್ತದಲ್ಲಿ ಕಬ್ಬಿಣ ಕಡಿಮೆ, ಆದರೆ ಸಂಗ್ರಹವನ್ನು ತೋರಿಸುವ ಫೆರಿಟಿನ್ ಕಡಿಮೆ ಆಗುವುದಿಲ್ಲ, ಜಾಸ್ತಿಯೂ ಆಗಬಹುದು. ಟಿಐಬಿಸಿ ಇಳಿಯುತ್ತದೆ. ಕಬ್ಬಿಣದ ಕೊರತೆಯಲ್ಲಿ ಹಗೇವೇ ಬರಿದು. ಫೆರಿಟಿನ್ ಕೆಳಗೆ, ಟಿಐಬಿಸಿ ಮೇಲೆ. ನಾನು ಚೀಟಿಯ ಹಿಂದೆ ಬರೆದಿಟ್ಟಿದ್ದ ಮೌಲ್ಯ ತೋರಿಸಿದೆ. ಫೆರಿಟಿನ್ 240, ಟಿಐಬಿಸಿ 210.

ನಾಲ್ಕನೆಯದಕ್ಕೆ ಬಂದಾಗ ಅವನು ಎಚ್ಚರವಾಗಿದ್ದ. ಟಿಬಿ ಇದೆ, ಫೆರಿಟಿನ್ ಜಾಸ್ತಿ, ಇದೂ ದೀರ್ಘಕಾಲದ ಕಾಯಿಲೆಯದ್ದೇ ಅಂತ ಹೇಳಲು ಬಾಯಿ ತೆರೆದು ನಿಲ್ಲಿಸಿದ. 'ಇದರಾಗ ಕಬ್ಬಿಣಾನೂ ಜಾಸ್ತಿ ಐತಲ್ರೀ' ಅಂದ. ಸರಿ. ಮೂರನೆಯದನ್ನೂ ನಾಲ್ಕನೆಯದನ್ನೂ ಫೆರಿಟಿನ್ ಬೇರೆ ಮಾಡುವುದಿಲ್ಲ, ಸೀರಮ್ ಕಬ್ಬಿಣ ಬೇರೆ ಮಾಡುತ್ತದೆ. ಒಂದನೆಯದನ್ನೂ ಮೂರನೆಯದನ್ನೂ ಸೀರಮ್ ಕಬ್ಬಿಣ ಬೇರೆ ಮಾಡುವುದಿಲ್ಲ, ಫೆರಿಟಿನ್ ಬೇರೆ ಮಾಡುತ್ತದೆ. ಈ ಒಂದು ಮಾತು ಅವನಿಗೆ ನಾಲ್ಕು ಅಧ್ಯಾಯಗಳನ್ನು ಬೇರೆ ಬೇರೆಯಾಗಿ ಓದಿದಾಗ ಸಿಕ್ಕಿರಲಿಲ್ಲ. ಯಾವ ಅಧ್ಯಾಯದಲ್ಲೂ ಅದು ಇರುವುದಿಲ್ಲ, ಯಾಕಂದರೆ ಅದು ಅಧ್ಯಾಯಗಳ ನಡುವೆ ಇರುವ ಮಾತು.

ಆಮೇಲೆ ಕಾರಣ. ಐಸೋನಿಯಾಜಿಡ್ ಮಾತ್ರೆ ಪಿರಿಡಾಕ್ಸಿನ್, ಅಂದರೆ ಬಿ6, ಕೆಲಸಕ್ಕೆ ಅಡ್ಡ ಬರುತ್ತದೆ. ಹೀಮ್ ತಯಾರಿಕೆಯ ಮೊದಲ ಹೆಜ್ಜೆಯ ಕಿಣ್ವ ಎಎಲ್‌ಎ ಸಿಂಥೇಸ್‌ಗೆ ಬಿ6 ಬೇಕು. ಕಬ್ಬಿಣ ಬರುತ್ತದೆ, ಹೀಮ್ ಆಗುವುದಿಲ್ಲ, ಮಜ್ಜೆಯ ಕಣಗಳಲ್ಲಿ ನ್ಯೂಕ್ಲಿಯಸ್ ಸುತ್ತ ಉಂಗುರದಂತೆ ಕೂರುತ್ತದೆ. ಕುಡಿತವೂ ಇದಕ್ಕೆ ಸೇರಿಕೊಳ್ಳುತ್ತದೆ. ಫಾರ್ಮಕಾಲಜಿ, ಬಯೋಕೆಮಿಸ್ಟ್ರಿ, ಪೆಥಾಲಜಿ, ಮೆಡಿಸಿನ್, ನಾಲ್ಕೂ ಒಂದೇ ಚೀಟಿಯಲ್ಲಿ ಬಂದವು. ಸಬ್ಜೆಕ್ಟ್ ಬೆರೆಸಬೇಕು ಅಂತ ಅಲಾರಾಂ ಇಡಬೇಕಾಗಲಿಲ್ಲ.

ನಿಜವಾದ ವಾರ್ಡ್ ಇಷ್ಟು ಸ್ವಚ್ಛ ಇರುವುದಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಆ ಸಂಧಿವಾತದ ತಾಯಿಗೇ ನೋವಿನ ಮಾತ್ರೆಯಿಂದ ಹೊಟ್ಟೆಯಲ್ಲಿ ರಕ್ತ ಜಿನುಗುತ್ತಿದ್ದರೆ ಕಬ್ಬಿಣದ ಕೊರತೆಯೂ ಜೊತೆಗಿರುತ್ತದೆ. ಉರಿಯೂತ ಫೆರಿಟಿನ್ ಅನ್ನು ಮೇಲೆತ್ತುವುದರಿಂದ ಅದು 60 ಅಂತ ಬಂದರೂ ಕೊರತೆ ಇಲ್ಲ ಅನ್ನಲು ಆಗದು. ಟ್ರೇಟ್ ಇರುವವರಲ್ಲಿ ಕಬ್ಬಿಣವೂ ಕಡಿಮೆ ಇದ್ದರೆ ಎ2 ಇಳಿದು ನಾರ್ಮಲ್ ಅನಿಸಬಹುದು. ಇಂಥ ಚೀಟಿಗಳನ್ನು ಎರಡನೆಯ ಸುತ್ತಿನಲ್ಲಿ ಸೇರಿಸಿ, ಮೊದಲ ಸುತ್ತಿನಲ್ಲಿ ಬೇಡ.

ಈಗ ಒಂದೇ ಸಬ್ಜೆಕ್ಟ್ ಹಿಡಿದು ಓದುವುದರ ಬಗ್ಗೆ. ನಾನು ಅದನ್ನು ಬಿಡಿ ಅನ್ನುತ್ತಿಲ್ಲ. ಹೆಪ್ಸಿಡಿನ್ ಅಂದರೆ ಏನು ಅಂತಲೇ ಗೊತ್ತಿಲ್ಲದವನ ಮುಂದೆ ನಾಲ್ಕು ಚೀಟಿ ಇಟ್ಟರೆ ಅವನು ಊಹೆ ಮಾಡುತ್ತಾನೆ, ಕಲಿಯುವುದಿಲ್ಲ. ಮೊದಲ ಸಲ ಓದುವಾಗ ಒಂದು ವಿಷಯವನ್ನು ಕೂತು, ಹರಿವು ಕೆಡದ ಹಾಗೆ ಓದಬೇಕು. ಕಬ್ಬಿಣ ಕರುಳಿನಿಂದ ಮಜ್ಜೆಗೆ ಹೋಗುವ ದಾರಿಯನ್ನು ಒಂದೇ ಕೂರುವಿಕೆಯಲ್ಲಿ ಓದಿ. ಮಧ್ಯದಲ್ಲಿ ಬೇರೆ ತರಬೇಡಿ. ಇನ್ನು ಕೆಲವು ಸಂಗತಿ ಬರೀ ನೆನಪಿನವು. ಎಕ್ಸ್‌ಟರ್ನಲ್ ಕರೋಟಿಡ್ ಧಮನಿಯ ಎಂಟು ಕವಲುಗಳ ಹೆಸರು ಇದೆ ನೋಡಿ, ಅದನ್ನು ಇನ್ನೊಂದರ ಜೊತೆ ಬೆರೆಸಿದರೆ ಲಾಭ ಇಲ್ಲ. ಅದಕ್ಕೆ ಬೇಕಾದದ್ದು ದಿನ ಬಿಟ್ಟು ದಿನ ಬಾಯಲ್ಲಿ ಹೇಳಿಕೊಳ್ಳುವುದು. 2019ರಲ್ಲಿ ಬ್ರೂನ್‌ಮೇರ್ ಮತ್ತು ರಿಕ್ಟರ್ ಇಂಥ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ನೋಡಿದಾಗಲೂ ಚಿತ್ರಗಳ ಥರದ, ಹೋಲಿಕೆಯಿಂದ ಗುರುತಿಸುವ ಸಂಗತಿಗಳಿಗೆ ಬೆರೆಸುವುದು ಚೆನ್ನಾಗಿ ಕೆಲಸ ಮಾಡಿತ್ತು, ಪದಗಳನ್ನು ಕಲಿಯುವಲ್ಲಿ ಉಲ್ಟಾ ಹೊಡೆದಿತ್ತು.

ಹಾಗಾದರೆ ಯಾವಾಗ ಒಂದೇ ವಿಷಯ, ಯಾವಾಗ ಬೆರೆಸುವುದು ಅಂತ ತಿಳಿಯುವುದು ಹೇಗೆ? ನಿಮ್ಮ ತಪ್ಪುಗಳೇ ಹೇಳುತ್ತವೆ. ನಾನು ಆ ಹುಡುಗನಿಗೆ ಒಂದು ನೂರು ಪುಟದ ನೋಟ್‌ಬುಕ್ ತರಲು ಹೇಳಿದೆ. ಪುಟದ ಮಧ್ಯೆ ಗೆರೆ. ಟೆಸ್ಟ್ ಆದ ಮೇಲೆ ಪ್ರತಿ ತಪ್ಪನ್ನೂ ಒಂದು ಕಡೆ ಹಾಕಬೇಕು. ಎಡಕ್ಕೆ 'ಗೊತ್ತೇ ಇರಲಿಲ್ಲ'. ಬಲಕ್ಕೆ 'ಗೊತ್ತಿತ್ತು, ಅದಲುಬದಲಾಯಿತು'. ಬಲಗಡೆ ಬರೆಯುವಾಗ ಜೋಡಿ ಬರೆಯಬೇಕು, ಯಾವುದನ್ನು ಯಾವುದು ಅಂತ ತಿಳಿದೆ ಅಂತ. ಆಮೇಲೆ ಒಂದೇ ಒಂದು ಸಾಲು, ಯಾವುದು ಅವೆರಡನ್ನು ಬೇರೆ ಮಾಡುತ್ತದೆ ಅಂತ.

ಎಡಗಡೆ ಜಾಸ್ತಿ ತುಂಬುತ್ತಿದ್ದರೆ ಆ ವಿಷಯಕ್ಕೆ ಇನ್ನೂ ಬೆರೆಸುವ ಹೊತ್ತು ಬಂದಿಲ್ಲ. ಪುಸ್ತಕಕ್ಕೆ ಹೋಗಿ, ಒಂದೇ ವಿಷಯ ಹಿಡಿದು ಓದಿ. ಬಲಗಡೆ ತುಂಬುತ್ತಿದ್ದರೆ ಮತ್ತೆ ಅದೇ ಅಧ್ಯಾಯ ಓದಿ ಪ್ರಯೋಜನವಿಲ್ಲ. ಹೆಚ್ಚಿನವರು ತಪ್ಪುವುದು ಇಲ್ಲೇ. ನೆಫ್ರೋಟಿಕ್ ಮತ್ತು ನೆಫ್ರಿಟಿಕ್ ಅದಲುಬದಲಾಯಿತು ಅಂತ ನೆಫ್ರೋಟಿಕ್ ಅಧ್ಯಾಯವನ್ನು ಮೂರನೇ ಸಲ ಓದುತ್ತಾರೆ. ಓದುವಾಗ ಎಲ್ಲ ಸರಿಯಾಗಿ ಕಾಣುತ್ತದೆ. ಮುಂದಿನ ಟೆಸ್ಟ್‌ನಲ್ಲಿ ಮತ್ತೆ ಅದೇ ತಪ್ಪು.

ಆ ಹುಡುಗನ ನೋಟ್‌ಬುಕ್‌ನ ಒಂದು ಪುಟ ನನಗೆ ನೆನಪಿದೆ. ಬಲಗಡೆ ಹನ್ನೊಂದು ತಪ್ಪುಗಳು, ಆದರೆ ಜೋಡಿಗಳು ಬರೀ ನಾಲ್ಕು. ಅದೇ ನಾಲ್ಕು ಜೋಡಿ ಬೇರೆ ಬೇರೆ ವೇಷದಲ್ಲಿ ಬಂದು ಅವನ ಅಂಕ ತಿನ್ನುತ್ತಿದ್ದವು. ಆ ಜೋಡಿಗಳಿಂದಲೇ ಅವನು ತನ್ನ ಬೆರೆಸುವ ಪಟ್ಟಿ ಮಾಡಿಕೊಂಡ. ನನ್ನ ಜೋಡಿಗಳು ಬೇರೆ, ನಿಮ್ಮವು ಬೇರೆ, ಅದಕ್ಕೇ ಸಿದ್ಧ ಪಟ್ಟಿ ಕೊಡುತ್ತಿಲ್ಲ.

ದಿನದ ಲೆಕ್ಕ ಕೇಳುತ್ತೀರಿ ಅಂತ ಗೊತ್ತು. ಇದು ನನ್ನ ಅನುಭವದ ಮಾತು. ಮೊದಲ ಓದಿನ ತಿಂಗಳುಗಳಲ್ಲಿ ಹಗಲು ಒಂದು ಸಬ್ಜೆಕ್ಟ್ ಓದಿ. ಸಂಜೆ 40 ಪ್ರಶ್ನೆ, 42 ನಿಮಿಷ. ಅದರಲ್ಲಿ ಇವತ್ತಿನ ವಿಷಯದವು 15 ಇರಲಿ, ಉಳಿದ 25 ಹಿಂದೆ ಮುಗಿಸಿದ ವಿಷಯಗಳಿಂದ, ಅದರಲ್ಲೂ ನಿಮ್ಮ ಜೋಡಿಗಳಿಂದ. ಪ್ರಶ್ನೆ ಕೋಶದ ಆ್ಯಪ್‌ಗಳಲ್ಲಿ ಪ್ರಶ್ನೆಯ ಮೇಲೆ ಸಬ್ಜೆಕ್ಟ್ ಹೆಸರು ಕಾಣುತ್ತಿದ್ದರೆ ಅದನ್ನು ಮರೆಮಾಡಿ. ಆಗದಿದ್ದರೆ ಪರದೆಯ ಮೇಲ್ತುದಿಗೆ ಒಂದು ಕಾಗದದ ಪಟ್ಟಿ ಅಂಟಿಸಿ. ಉತ್ತರ ಒತ್ತುವ ಮೊದಲು ಮನಸ್ಸಿನಲ್ಲಿ ಎರಡು ಹೆಸರು ಹೇಳಿ: ಇದು ಇಂಥದ್ದು, ಅದಲ್ಲ, ಯಾಕಂದರೆ ಹೀಗೆ. 63 ಸೆಕೆಂಡ್‌ನಲ್ಲಿ ಅದಕ್ಕೆ ಜಾಗ ಇದೆ. ಪರೀಕ್ಷೆಗೆ ಎರಡು ತಿಂಗಳು ಇರುವಾಗ ಪ್ರಶ್ನೆಗಳೆಲ್ಲ ಬೆರೆತವೇ ಇರಲಿ. ಪುಸ್ತಕ ಎಡಗಡೆಯ ತಪ್ಪುಗಳಿಗೆ ಮಾತ್ರ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಅಂತಿಮ ವರ್ಷದ ಒಬ್ಬ ವಿದ್ಯಾರ್ಥಿನಿ ಕೇಳಿದಳು: 'ಸರ್, ನಮಗ ಮುಂದಿನ ತಿಂಗಳು ಯುನಿವರ್ಸಿಟಿ ಪರೀಕ್ಷೆ ಐತಿ. ಅದಕ್ಕೂ ಹಿಂಗ ಓದಬೇಕೇನ್ರೀ?'

ಥಿಯರಿ ಪತ್ರಿಕೆಗೆ ಇಷ್ಟು ಬೇಡ ತಂಗಿ. ಅಲ್ಲಿ ಒಂದು ದಿನ ಒಂದು ಸಬ್ಜೆಕ್ಟ್, ಪ್ರಶ್ನೆಯೇ ಬಟ್ಟಲಿನ ಹೆಸರು ಹೇಳುತ್ತದೆ. ಕಬ್ಬಿಣದ ಕೊರತೆಯ ರಕ್ತಹೀನತೆಯ ಕಾರಣ, ಲಕ್ಷಣ, ಚಿಕಿತ್ಸೆ ಬರೆಯಿರಿ ಅಂದರೆ ನೀನು ಅದೊಂದನ್ನೇ ಕ್ರಮವಾಗಿ, ಪೂರ್ತಿಯಾಗಿ ಬರೆಯಬೇಕು. ಅದಕ್ಕೆ ಒಂದೇ ವಿಷಯ ಹಿಡಿದು ಓದಿ, ಬರೆದು ನೋಡುವುದೇ ಸರಿ. ಆದರೆ ಪ್ರಾಕ್ಟಿಕಲ್ ಬೇರೆ. ಅಲ್ಲಿ ಹಾಸಿಗೆಯ ಮೇಲೆ ಮನುಷ್ಯ ಇರುತ್ತಾರೆ, ತಲೆಬರಹ ಇರುವುದಿಲ್ಲ. ವೈವಾದಲ್ಲಿ 'ಇದೇ ಯಾಕೆ, ಅದು ಯಾಕಲ್ಲ' ಅಂತಲೇ ಕೇಳುತ್ತಾರೆ. ಗುಲ್ಮ ದೊಡ್ಡದಾದ ಮೂರು ಕೇಸ್‌ಗಳನ್ನು ಒಂದೇ ಮಧ್ಯಾಹ್ನ ಒಂದಾದ ಮೇಲೆ ಒಂದು ಮುಟ್ಟಿ ನೋಡು, ಸಾಧ್ಯವಾದರೆ.

ಇನ್ನೊಬ್ಬ ಇಂಟರ್ನ್ ಬೆಳಗಾವಿಯಿಂದ ಬಂದಿದ್ದ. ಪರೀಕ್ಷೆಗೆ ಆರು ವಾರ ಇದೆ, ಐದು ಸಬ್ಜೆಕ್ಟ್ ಇನ್ನೂ ಮುಟ್ಟಿಲ್ಲ ಅಂದ. ಹೇಳುವಾಗ ಧ್ವನಿ ಸಣ್ಣಗಾಗಿತ್ತು. ಅವನಿಗೆ ನಾನು ಹೇಳಿದ್ದು ಇಷ್ಟು. ಆ ಐದನ್ನೂ ಬೆರೆಸಲು ಹೋಗಬೇಡ, ಅವು ನಿನಗೆ ಇನ್ನೂ ಎಡಗಡೆಯವು. ಬೆಳಿಗ್ಗೆ ಮೂರು ಗಂಟೆ ಅವುಗಳಲ್ಲಿ ಒಂದನ್ನು ಹಿಡಿದು ಓದು, ಹೆಚ್ಚು ಕೇಳುವ ಭಾಗ ಮಾತ್ರ. ಓದಿ ಮುಗಿಸಿರುವ ಹದಿನಾಲ್ಕರಿಂದ ದಿನಕ್ಕೆ ಎರಡು ಸಲ 40 ಪ್ರಶ್ನೆ ಬೆರೆಸಿ ಬಿಡಿಸು. ನೋಟ್‌ಬುಕ್‌ಗೆ ಗೆರೆ ಹಾಕು. ಹತ್ತನೇ ದಿನ ಆ ನೋಟ್‌ಬುಕ್ ತಗೊಂಡು ನನ್ನ ಓಪಿಡಿಗೆ ಬಾ, ಮಧ್ಯಾಹ್ನ ಎರಡರ ಮೇಲೆ ರೋಗಿಗಳು ಕಡಿಮೆ ಇರುತ್ತಾರೆ. ಬಲಗಡೆಯ ಜೋಡಿಗಳನ್ನು ಇಬ್ಬರೂ ಕೂತು ನೋಡೋಣ.